ಸಿಮ್ ಪೋರ್ಟ್: 1900ಕ್ಕೆ ಮೆಸೇಜ್ ಕಳಿಸಿದ ಕೂಡಲೇ ನಂಬರ್ ಬಂದ್ ಆಗುತ್ತಾ?

'1900ಕ್ಕೆ ಮೆಸೇಜ್ ಹಾಕಿದರೆ ಹಳೆಯ ಸಿಮ್ ಅಲ್ಲಿಗೇ ಬಂದ್, ಹೊಸದು ಶುರುವಾಗುವವರೆಗೆ ಬ್ಯಾಂಕ್ ಒಟಿಪಿ ಬರೋದಿಲ್ಲ' ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವಲ್ಲ. ಆ ಮೆಸೇಜ್‌ನಿಂದ ಸಿಗುವುದು ಒಂದು ಕೋಡ್ ಮಾತ್ರ. ಆದರೆ ಆ ಕೋಡ್ ಬೇರೆಯವರ ಕೈಗೆ ಹೋದರೆ ತೊಂದರೆ ಖಂಡಿತ. ಏನು ನಡೆಯುತ್ತದೆ ಎಂದು ಹಂತ ಹಂತವಾಗಿ ನೋಡೋಣ.

ಕೋಡ್ ಸಿಗುವುದು ಹೇಗೆ?

ಬದಲಾಯಿಸಬೇಕಾದ ನಂಬರಿನಿಂದಲೇ 1900ಕ್ಕೆ ಹೀಗೆ ಮೆಸೇಜ್ ಕಳಿಸಬೇಕು:

```
PORT 98XXXXXXXX
```

PORT ಆದ ಮೇಲೆ ಒಂದು ಜಾಗ ಬಿಟ್ಟು ನಿಮ್ಮ ಹತ್ತು ಅಂಕಿಯ ನಂಬರ್ ಬರೆಯಿರಿ. ನಿಮ್ಮ ಪ್ಯಾಕ್‌ನಲ್ಲಿ ಎಸ್‌ಎಂಎಸ್ ಇಲ್ಲದಿದ್ದರೂ ಈ ಮೆಸೇಜ್ ಹೋಗಲು ಬಿಡಬೇಕು ಎಂದು ಟ್ರಾಯ್ 2021ರಲ್ಲಿ ಎಲ್ಲ ಕಂಪನಿಗಳಿಗೂ ಹೇಳಿದೆ.

ಉತ್ತರವಾಗಿ ಎಂಟು ಅಕ್ಷರ-ಅಂಕಿಗಳ ಯುಪಿಸಿ ಕೋಡ್ ಬರುತ್ತದೆ. ಅದರ ಜೊತೆಗೇ ಕೊನೆಯ ದಿನಾಂಕವೂ ಇರುತ್ತದೆ. ಕರ್ನಾಟಕದಲ್ಲಿ ಕೋಡ್ ನಾಲ್ಕು ದಿನ ಮಾತ್ರ ನಡೆಯುತ್ತದೆ. ಅಷ್ಟರೊಳಗೆ ಬಳಸದಿದ್ದರೆ ಕೋಡ್ ತಾನಾಗಿಯೇ ಸಾಯುತ್ತದೆ, ಹಳೆಯ ಸಿಮ್ ಮೊದಲಿನಂತೆಯೇ ಇರುತ್ತದೆ.

ಕೋಡ್ ಬರದಿದ್ದರೆ?

2019ರ ಡಿಸೆಂಬರ್ 16ರಿಂದ ಅರ್ಹತೆ ನೋಡಿದ ಮೇಲೆಯೇ ಕೋಡ್ ಕೊಡುತ್ತಾರೆ. ಹಾಗಾಗಿ ಕೋಡ್ ಬರಲಿಲ್ಲವೆಂದರೆ ಕಾರಣ ಹುಡುಕಬೇಕು. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಆದರೆ ಬಂದ ಬಿಲ್ ಕಟ್ಟಿರಬೇಕು, ಸಿಮ್ ಹೆಸರು ಬದಲಾವಣೆಯ ಅರ್ಜಿ ಬಾಕಿ ಇರಬಾರದು. ಸಿಮ್ ಕಳೆದು ಬದಲಿ ಸಿಮ್ ತೆಗೆದುಕೊಂಡಿದ್ದರೆ ಏಳು ದಿನ ಕಾಯಬೇಕು. ಈ ಕೊನೆಯ ನಿಯಮ 2024ರ ಜುಲೈ 1ರಿಂದ ಬಂದಿದೆ. ಬೇರೆಯವರ ನಂಬರಿಗೆ ಮೋಸದಿಂದ ಬದಲಿ ಸಿಮ್ ಪಡೆದು ತಕ್ಷಣ ಪೋರ್ಟ್ ಮಾಡುವವರನ್ನು ತಡೆಯಲು ಇದನ್ನು ತಂದರು.

ದಾಖಲೆ ಮತ್ತು ದಿನಗಳು

ಕೋಡ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋದರೆ ಹೊಸ ಸಿಮ್‌ಗೆ ಕೇಳುವ ದಾಖಲೆಗಳನ್ನೇ ಕೇಳುತ್ತಾರೆ: ಗುರುತಿನ ಚೀಟಿ, ವಿಳಾಸದ ಪುರಾವೆ, ಒಂದು ಫೋಟೋ. ಆಧಾರ್ ಕೊಡಬಹುದು, ಆದರೆ ಅದೇ ಬೇಕೆಂಬ ಕಡ್ಡಾಯವಿಲ್ಲ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಹೋಗುವುದು ಸರಿ.

ಒಂದು ಉದಾಹರಣೆ ನೋಡೋಣ. ಹುಬ್ಬಳ್ಳಿಯ ಪೋಸ್ಟ್‌ಪೇಯ್ಡ್ ಗ್ರಾಹಕರೊಬ್ಬರು ಬಿಲ್ ಕಟ್ಟಿ, ಸೋಮವಾರ ಕೋಡ್ ತರಿಸಿ ಅವತ್ತೇ ಅರ್ಜಿ ಕೊಟ್ಟರು ಎನ್ನಿ. ಒಂದೇ ಸರ್ಕಲ್ ಒಳಗಿನ ಬದಲಾವಣೆಗೆ ಮೂರು ಕೆಲಸದ ದಿನ ಬೇಕು. ರಜೆ ಇಲ್ಲದಿದ್ದರೆ ಗುರುವಾರದ ಹೊತ್ತಿಗೆ ಹೊಸ ಸಿಮ್ ಶುರುವಾಗುತ್ತದೆ. ಅವರದು ಮಹಾರಾಷ್ಟ್ರದ ನಂಬರ್ ಆಗಿದ್ದು, ಕರ್ನಾಟಕದ ಕಂಪನಿಗೆ ತರುವುದಾದರೆ ಐದು ಕೆಲಸದ ದಿನ. ಅಲ್ಲಿಯವರೆಗೂ ಹಳೆಯ ಸಿಮ್ ಫೋನಿನಲ್ಲೇ ಇರಲಿ. ಬದಲಾಗುವ ವೇಳೆಗೆ ಸುಮಾರು ನಾಲ್ಕು ಗಂಟೆ ಸಿಗ್ನಲ್ ಇರುವುದಿಲ್ಲ, ಇದು ಸಾಮಾನ್ಯವಾಗಿ ರಾತ್ರಿ ನಡೆಯುತ್ತದೆ. ಹಳೆಯ ಸಿಮ್‌ನಲ್ಲಿ ಸಿಗ್ನಲ್ ಹೋಯಿತೆಂದರೆ ಹೊಸದನ್ನು ಹಾಕುವ ಸಮಯ ಬಂತು ಎಂದರ್ಥ. ಆ ದಿನ ಒಟಿಪಿ ಬೇಕಾಗುವ ತುರ್ತು ಕೆಲಸ ಇಟ್ಟುಕೊಳ್ಳಬೇಡಿ.

ಮನಸ್ಸು ಬದಲಾದರೆ ಅರ್ಜಿ ಕೊಟ್ಟ 24 ಗಂಟೆಯೊಳಗೆ 1900ಕ್ಕೆ CANCEL ಎಂದು ಬರೆದು, ಜಾಗ ಬಿಟ್ಟು ನಂಬರ್ ಹಾಕಿ ಕಳಿಸಿ.

ಆಮೇಲೆ ಬರುವ ತೊಂದರೆ

ನಮ್ಮ ಹುಬ್ಬಳ್ಳಿಯ ಗ್ರಾಹಕರಿಗೆ ಇನ್ನೊಂದು ಬಿಲ್ ಬರುತ್ತದೆ. ಕೊನೆಯ ಬಿಲ್ ಆದ ಮೇಲೆ ಪೋರ್ಟ್ ಆಗುವವರೆಗಿನ ದಿನಗಳ ಬಳಕೆ ಅದರಲ್ಲಿರುತ್ತದೆ. 'ಆ ಕಂಪನಿ ಬಿಟ್ಟಾಯಿತಲ್ಲ' ಎಂದು ಕಟ್ಟದೆ ಬಿಟ್ಟರೆ, ಹಳೆಯ ಕಂಪನಿಯ ದೂರಿನ ಮೇಲೆ ಹೊಸ ಕಂಪನಿಯೇ ಸೇವೆ ನಿಲ್ಲಿಸಬಹುದು. ಪ್ರಿಪೇಯ್ಡ್ ಆಗಿದ್ದರೆ ಬಿಲ್ ಚಿಂತೆಯಿಲ್ಲ, ಆದರೆ ಉಳಿದ ಬ್ಯಾಲೆನ್ಸ್, ಪ್ಯಾಕ್ ಹೊಸ ಕಂಪನಿಗೆ ಬರುವುದಿಲ್ಲ. ಆದ್ದರಿಂದ ಪ್ಯಾಕ್ ಮುಗಿಯುವ ಹೊತ್ತಿಗೆ ಪೋರ್ಟ್ ಮಾಡುವುದು ಲಾಭ. ಹೊಸ ಕಂಪನಿಯೂ ಹಿಡಿಸದಿದ್ದರೆ ಅಲ್ಲಿಂದ ಹೊರಡಲು ಮತ್ತೆ 90 ದಿನ ಕಾಯಬೇಕು.

ಕೋಡ್ ಕೇಳುವ ಕರೆ ಬಂದರೆ

'ನಿಮ್ಮ ಸಿಮ್ ಅಪ್‌ಗ್ರೇಡ್ ಮಾಡುತ್ತೇವೆ, 1900ಕ್ಕೆ ಮೆಸೇಜ್ ಹಾಕಿ ಬಂದ ಕೋಡ್ ಹೇಳಿ' ಎಂದು ಯಾರಾದರೂ ಕರೆ ಮಾಡಿದರೆ ಹೇಳಬೇಡಿ. ಆ ಕೋಡ್‌ನಿಂದ ನಿಮ್ಮ ನಂಬರನ್ನು ತಮ್ಮ ಸಿಮ್‌ಗೆ ತೆಗೆದುಕೊಳ್ಳಲು ಅವರು ಯತ್ನಿಸಬಹುದು, ಹಾಗಾದರೆ ಬ್ಯಾಂಕ್ ಒಟಿಪಿಗಳೂ ಅವರಿಗೇ ಹೋಗುತ್ತವೆ. ಈಗಾಗಲೇ ಹೇಳಿದ್ದರೆ ಕೂಡಲೇ CANCEL ಮೆಸೇಜ್ ಕಳಿಸಿ, ಕಂಪನಿಗೂ ಬ್ಯಾಂಕಿಗೂ ತಿಳಿಸಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಪೋರ್ಟ್‌ಗೆ ನೀವಾಗಿಯೇ ಅರ್ಜಿ ಹಾಕಿಲ್ಲ, ಆದರೂ ಯುಪಿಸಿ ಬಂದಿದೆ ಅಥವಾ ಸಿಗ್ನಲ್ ಹೋಗಿ ಗಂಟೆಗಟ್ಟಲೆ ಬಂದಿಲ್ಲ ಎಂದಾದರೂ ಸುಮ್ಮನೆ ಕಾಯಬೇಡಿ, ಬೇರೆ ಫೋನಿನಿಂದ ಕಂಪನಿಗೆ ಕರೆ ಮಾಡಿ ವಿಚಾರಿಸಿ.