ಜಿಲ್ಲೆ ಒಂದು, ಎಂಪಿಗಳು ಮೂವರು

ಬುಕ್ಕಾಪಟ್ಟಣದ ಕಡೆಯ ನಮ್ಮ ಭಾವ ಒಬ್ಬರಿದ್ದಾರೆ. ಮಾತು ರಾಜಕೀಯಕ್ಕೆ ಬಂತೆಂದರೆ ಅವರದು ಒಂದೇ ಪ್ರಶ್ನೆ. "ಅಲ್ಲ ಕಣಯ್ಯ, ನಮ್ಮ ಪಹಣಿ ಶಿರಾದಲ್ಲಿ, ನಮ್ಮ ಎಮ್ಮೆಲ್ಲೆ ಚಿಕ್ಕನಾಯಕನಹಳ್ಳಿಯಲ್ಲಿ. ಶಿರಾ ಪೇಟೆಯವರು ಎಂಪಿ ಓಟನ್ನ ಚಿತ್ರದುರ್ಗಕ್ಕೆ ಹಾಕ್ತಾರೆ, ಅದೇ ತಾಲ್ಲೂಕಿನ ನಾವು ತುಮಕೂರಿಗೆ ಹಾಕ್ತೀವಿ. ಈ ಗೆರೆ ಎಳೆದೋರು ಯಾರು?"

ನಾನು ನೊಣವಿನಕೆರೆಯವನು. ನಮಗೆ ಈ ತಾಪತ್ರಯ ಇಲ್ಲ. ಹೋಬಳಿ ನೊಣವಿನಕೆರೆ, ತಾಲ್ಲೂಕು ತಿಪಟೂರು, ಶಾಸಕರ ಕ್ಷೇತ್ರ ತಿಪಟೂರು, ಲೋಕಸಭೆ ತುಮಕೂರು, ಜಿಲ್ಲೆಯೂ ತುಮಕೂರು. ಎಲ್ಲ ಒಂದರೊಳಗೊಂದು ಡಬ್ಬಿ ಇಟ್ಟ ಹಾಗೆ ಸರಿಯಾಗಿ ಕೂತುಬಿಟ್ಟಿದೆ. ಹಾಗಾಗಿ ನಮ್ಮೂರಿನವರಿಗೆ ಜಿಲ್ಲೆ ಮತ್ತು ಕ್ಷೇತ್ರ ಎರಡೂ ಒಂದೇ ಅನ್ನಿಸಿಬಿಡುತ್ತದೆ. ಆದರೆ ಅವೆರಡೂ ಬೇರೆ ಬೇರೆ ಹೊಟ್ಟೆಯಲ್ಲಿ ಹುಟ್ಟಿದವು. ಆ ಕಥೆ ಸ್ವಲ್ಪ ಬರೆಯೋಣ ಅಂತ.

ಮೊದಲು ಜಿಲ್ಲೆ. ಇದು ಹಳೆಯದು, ಕಂದಾಯ ವಸೂಲಿಗೆ, ಜಮೀನಿನ ಲೆಕ್ಕಕ್ಕೆ, ಕಾನೂನು ಸುವ್ಯವಸ್ಥೆಗೆ ಮಾಡಿಕೊಂಡ ವಿಭಾಗ. ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದಾಗಲೇ ನಮ್ಮ ಜಿಲ್ಲೆಗಳು ಹೆಚ್ಚುಕಡಿಮೆ ಈಗಿನ ರೂಪಕ್ಕೆ ಬಂದವು. ಆಗ ಓಟೂ ಇಲ್ಲ, ಎಮ್ಮೆಲ್ಲೆಯೂ ಇಲ್ಲ. ಜಿಲ್ಲೆಯ ಗಡಿಯನ್ನು ಬದಲಿಸುವುದು ಸರ್ಕಾರಕ್ಕೆ ಅಂಥ ಕಷ್ಟದ ಕೆಲಸವೂ ಅಲ್ಲ. ಖರ್ಚು ಉಳಿಸಬೇಕು ಅಂತ 1882ರಲ್ಲಿ ಚಿತ್ರದುರ್ಗ ಜಿಲ್ಲೆಯನ್ನೇ ರದ್ದು ಮಾಡಿ ತುಮಕೂರಿನ ಕೈಕೆಳಗೆ ಹಾಕಿದ್ದರು, 1886ರಲ್ಲಿ ಮತ್ತೆ ಬೇರೆ ಮಾಡಿದರು. ಈಗಲೂ ಅಷ್ಟೇ. 1964ರ ಭೂಕಂದಾಯ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಜಿಲ್ಲೆ, ತಾಲ್ಲೂಕು ಮಾಡಬಹುದು, ಒಡೆಯಬಹುದು. ಇಂತಿಷ್ಟು ಜನ ಇದ್ದರೇ ಜಿಲ್ಲೆ ಅಂತೇನೂ ಇಲ್ಲ. ಕೊಡಗೂ ಜಿಲ್ಲೆಯೇ, ಅದರ ಎಷ್ಟೋ ಪಾಲು ಜನರಿರುವ ಬೆಳಗಾವಿಯೂ ಜಿಲ್ಲೆಯೇ.

ಕ್ಷೇತ್ರದ ವಿಷಯ ಹಾಗಲ್ಲ. ಅದಕ್ಕೆ ಬೇಕಿರುವುದು ತಲೆ ಎಣಿಕೆ. ಒಬ್ಬ ಶಾಸಕನ ಹಿಂದೆ ಇರುವ ಜನಸಂಖ್ಯೆ ರಾಜ್ಯದಲ್ಲೆಲ್ಲ ಆದಷ್ಟು ಸಮನಾಗಿರಬೇಕು ಅಂತ ಸಂವಿಧಾನವೇ ಹೇಳುತ್ತದೆ. ಈ ಗೆರೆ ಎಳೆಯುವ ಅಧಿಕಾರ ಜಿಲ್ಲಾಧಿಕಾರಿಗೂ ಇಲ್ಲ, ಮುಖ್ಯಮಂತ್ರಿಗೂ ಇಲ್ಲ. ಕ್ಷೇತ್ರ ಪುನರ್ವಿಂಗಡಣಾ ಆಯೋಗ ಅಂತ ಕೇಂದ್ರ ನೇಮಿಸುತ್ತದಲ್ಲ, ಅದರದು. ಆಯೋಗದ ಅಂತಿಮ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ವಿಧಾನಸಭೆ ಕೂಡ ಅದನ್ನು ತಿದ್ದುವಂತಿಲ್ಲ.

ನಮ್ಮ ಭಾವ ಕೇಳುವ ಗೆರೆ ಎಳೆದದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ, 2002ರ ಕಾಯ್ದೆಯಂತೆ. ಅದು 2008ರಲ್ಲಿ ಜಾರಿಗೆ ಬಂತು. ಆ ವರ್ಷದ ಮೇ ತಿಂಗಳಲ್ಲಿ ನಾವು ಓಟು ಹಾಕಿದೆವಲ್ಲ, ಹೊಸ ಕ್ಷೇತ್ರಗಳ ಮೇಲೆ ಚುನಾವಣೆ ಎದುರಿಸಿದ ಮೊದಲ ರಾಜ್ಯ ಕರ್ನಾಟಕವೇ. ಅದಕ್ಕೂ ಮುಂಚೆ ಮೂವತ್ತು ವರ್ಷ 1971ರ ಜನಗಣತಿಯ ಮೇಲೆ ಎಳೆದ ಗೆರೆಗಳೇ ನಡೆದಿದ್ದವು.

ಈಗ ಲೆಕ್ಕಕ್ಕೆ ಬರೋಣ. ಹೆದರಬೇಡಿ, ಪ್ರೈಮರಿ ಶಾಲೆಯ ಭಾಗಾಕಾರ ಸಾಕು :)

2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 5,28,50,562. ಶಾಸಕ ಸ್ಥಾನ 224, ಅದನ್ನು ಹೆಚ್ಚಿಸುವಂತಿರಲಿಲ್ಲ. ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸರಾಸರಿ 2,35,940 ಜನ. ತುಮಕೂರು ಜಿಲ್ಲೆಯ ಜನಸಂಖ್ಯೆ 25,84,711. ಇದನ್ನು ಆ ಸರಾಸರಿಯಿಂದ ಭಾಗಿಸಿ ನೋಡಿ, 10.95 ಬರುತ್ತದೆ. ಅಂದರೆ ಹನ್ನೊಂದು. ಹಿಂದೆ ನಮ್ಮ ಜಿಲ್ಲೆಗೆ ಹದಿಮೂರು ಸ್ಥಾನಗಳಿದ್ದವು. ಹುಲಿಯೂರುದುರ್ಗ, ಕಳ್ಳಂಬೆಳ್ಳ, ಬೆಳ್ಳಾವಿ ಮೂರೂ ಹೋದವು, ತುಮಕೂರು ಒಡೆದು ನಗರ, ಗ್ರಾಮಾಂತರ ಅಂತ ಎರಡಾಯಿತು. ಬೆಂಗಳೂರು ಊದಿಕೊಂಡಿತು, ನಮ್ಮಂಥ ಜಿಲ್ಲೆಗಳು ತೆಳ್ಳಗಾದವು. ಅಷ್ಟೇ ವಿಷಯ.

ಹನ್ನೊಂದು ಸ್ಥಾನ, ಹತ್ತು ತಾಲ್ಲೂಕು. ತಾಲ್ಲೂಕಿಗೊಂದು ಕೊಟ್ಟು ತುಮಕೂರಿಗೆ ಇನ್ನೊಂದು ಸೇರಿಸಿದರೆ ಮುಗಿಯಿತಲ್ಲ ಅಂತ ನಿಮಗೂ ಅನ್ನಿಸಬಹುದು. ಆದರೆ ತಾಲ್ಲೂಕುಗಳನ್ನು ಯಾರೂ ತೂಗಿ ಮಾಡಿಲ್ಲ. ಸರಾಸರಿಗಿಂತ ಶೇಕಡಾ ಹತ್ತು ಹೆಚ್ಚು ಅಥವಾ ಕಡಿಮೆ ಇದ್ದರೆ ನಡೆಯುತ್ತದೆ ಅಂತ ಆಯೋಗ ಇಟ್ಟುಕೊಂಡಿತ್ತು. ಅಂದರೆ ಸುಮಾರು 2 ಲಕ್ಷ 12 ಸಾವಿರದಿಂದ 2 ಲಕ್ಷ 59 ಸಾವಿರದೊಳಗೆ ಇರಬೇಕು. ತುರುವೇಕೆರೆ ತಾಲ್ಲೂಕಿನಲ್ಲಿ ಎರಡು ಲಕ್ಷವೂ ಇರಲಿಲ್ಲ. ಶಿರಾದಲ್ಲಿ ಮೂರು ಲಕ್ಷದ ಆಸುಪಾಸು, ಒಂದು ಕ್ಷೇತ್ರಕ್ಕೆ ಹೆಚ್ಚು, ಎರಡಕ್ಕೆ ಸಾಲದು. ಕಡಿಮೆ ಇದ್ದ ಕಡೆಗೆ ಪಕ್ಕದ ತಾಲ್ಲೂಕಿನಿಂದ ತರಬೇಕು, ಹೆಚ್ಚಿದ್ದ ಕಡೆಯಿಂದ ತೆಗೆಯಬೇಕು. ಹಾಗೆ ತರುವಾಗ, ತೆಗೆಯುವಾಗ ಊರೂರನ್ನು ಹರಿಯದೆ ಹೋಬಳಿಯನ್ನೇ ಇಡಿಯಾಗಿ ಎತ್ತಿ ಇಡುವುದು ಅನುಕೂಲ.

ಹೀಗೆ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ ಹೋಬಳಿ ತುರುವೇಕೆರೆ ಕ್ಷೇತ್ರಕ್ಕೆ ಬಂತು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಹೋಬಳಿ ಚಿಕ್ಕನಾಯಕನಹಳ್ಳಿ ಕ್ಷೇತ್ರಕ್ಕೆ ಹೋಯಿತು. ಎರಡು ಕಡೆಯೂ ತಹಸೀಲ್ದಾರರು ಬದಲಾಗಲಿಲ್ಲ ಅನ್ನುವುದನ್ನು ಗಮನಿಸಬೇಕು. ಸಿ.ಎಸ್. ಪುರದವರ ಖಾತೆ, ಪೋಡಿ, ಪಿಂಚಣಿ ಎಲ್ಲಕ್ಕೂ ಗುಬ್ಬಿಯೇ, ಮೇಲೆ ತುಮಕೂರಿನ ಎಸಿ. ತುರುವೇಕೆರೆಯವರಿಗಾದರೆ ಎಸಿ ಇರುವುದು ತಿಪಟೂರಿನಲ್ಲಿ. ಹಾಗಾಗಿ ಈ ಹೋಬಳಿಯ ಶಾಸಕರು ಎರಡು ತಾಲ್ಲೂಕು ಕಚೇರಿ, ಎರಡು ಉಪವಿಭಾಗಗಳ ಜೊತೆ ವ್ಯವಹರಿಸಬೇಕು. ತಾಲ್ಲೂಕಿನ ಪ್ರಗತಿ ಪರಿಶೀಲನಾ ಸಭೆಯಲ್ಲಿ ಅಂಚಿನ ಹೋಬಳಿಯ ಮಾತು ಕೊನೆಗೆ ಬರುವುದು, ಅಷ್ಟರಲ್ಲಿ ಊಟದ ಹೊತ್ತಾಗುವುದು... ಇದು ನನ್ನ ಊಹೆಯಲ್ಲ, ಗಡಿ ಹೋಬಳಿಯ ಯಾರನ್ನು ಬೇಕಾದರೂ ಕೇಳಿ ನೋಡಿ.

ಇಷ್ಟಾದರೂ ಶಾಸಕ ಕ್ಷೇತ್ರಗಳು ಜಿಲ್ಲೆಯ ಗಡಿ ದಾಟಲಿಲ್ಲ. ಹಂಚಿಕೆಯೇ ಜಿಲ್ಲಾವಾರು ಆಗಿದ್ದರಿಂದ ತಾಲ್ಲೂಕಿನ ಗೆರೆ ಮುರಿಯಿತು, ಜಿಲ್ಲೆಯ ಗೆರೆ ಉಳಿಯಿತು. ಜಿಲ್ಲೆಯ ಗೆರೆಯೂ ಮುರಿದದ್ದು ಲೋಕಸಭೆಯ ಹಂತದಲ್ಲಿ.

ಅದಕ್ಕೂ ಒಂದು ಭಾಗಾಕಾರ. ಕರ್ನಾಟಕಕ್ಕೆ 28 ಲೋಕಸಭಾ ಸ್ಥಾನ. 224ನ್ನು 28ರಿಂದ ಭಾಗಿಸಿದರೆ ಎಂಟು. ಒಂದು ವಿಧಾನಸಭಾ ಕ್ಷೇತ್ರ ಪೂರ್ತಿಯಾಗಿ ಒಂದೇ ಲೋಕಸಭಾ ಕ್ಷೇತ್ರದೊಳಗಿರಬೇಕು, ಅರ್ಧ ಅಲ್ಲಿ ಅರ್ಧ ಇಲ್ಲಿ ಆಗಕೂಡದು ಅಂತ ಕಾಯ್ದೆಯಲ್ಲೇ ಇದೆ. ಅಂದರೆ ಎಂಟೆಂಟರ ಕಟ್ಟು ಕಟ್ಟಬೇಕು. ನಮ್ಮಲ್ಲಿ ಹನ್ನೊಂದಿವೆ. ಎಂಟು ತೆಗೆದರೆ ಮೂರು ಉಳಿಯಿತು. ಆ ಮೂರು ಎಲ್ಲಿಗಾದರೂ ಹೋಗಲೇಬೇಕು!

ಪಕ್ಕದ ಚಿತ್ರದುರ್ಗ ಜಿಲ್ಲೆಗೆ ಸಿಕ್ಕಿದ್ದು ಆರೇ ಸ್ಥಾನ, ಎರಡು ಕಡಿಮೆ. ಶಿರಾ, ಪಾವಗಡ ಅಲ್ಲಿಗೆ ಸೇರಿದವು, ಆರೂ ಎರಡೂ ಎಂಟು. ಪಾವಗಡದ ಮಟ್ಟಿಗೆ ಇದರಲ್ಲಿ ಒಂದಿಷ್ಟು ನ್ಯಾಯವೂ ಇದೆ ಅನ್ನಿ. ಮಧುಗಿರಿಯಿಂದ ಪಾವಗಡಕ್ಕೆ ಹೊರಟರೆ ನಡುವೆ ಆಂಧ್ರದ ನೆಲ ಸಿಗುತ್ತದೆ, ಆ ತಾಲ್ಲೂಕು ಕರ್ನಾಟಕಕ್ಕೆ ಅಂಟಿಕೊಂಡಿರುವುದೇ ಚಿತ್ರದುರ್ಗದ ಕಡೆಯಿಂದ. ಮೂರನೆಯದು ಕುಣಿಗಲ್. ಅದು ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ, ಆನೇಕಲ್, ಬೆಂಗಳೂರು ದಕ್ಷಿಣ, ರಾಜರಾಜೇಶ್ವರಿನಗರಗಳ ಜೊತೆ ಸೇರಿ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರವಾಯಿತು. ಈ ಹೆಸರಿನ ತಮಾಷೆ ಕೇಳಿ: ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಇವಿಷ್ಟೂ 2007ರಿಂದ ಬೆಂಗಳೂರು ಗ್ರಾಮಾಂತರ ಜಿಲ್ಲೆ ಅನ್ನಿಸಿಕೊಂಡ ತಾಲ್ಲೂಕುಗಳು. ಅವುಗಳಲ್ಲಿ ಒಂದೂ ಆ ಹೆಸರಿನ ಲೋಕಸಭಾ ಕ್ಷೇತ್ರದಲ್ಲಿಲ್ಲ. ನಾಲ್ಕೂ ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿವೆ.

ನಮ್ಮ ಭಾವನ ಒಗಟು ಬಿಡಿಸುವುದು ಇಲ್ಲಿ. ಶಿರಾ ಕ್ಷೇತ್ರ ಚಿತ್ರದುರ್ಗಕ್ಕೆ ಹೋಯಿತು, ಆದರೆ ಬುಕ್ಕಾಪಟ್ಟಣ ಅಷ್ಟರಲ್ಲಿ ಶಿರಾ ಕ್ಷೇತ್ರದಲ್ಲಿ ಇರಲೇ ಇಲ್ಲ. ಅದು ಚಿಕ್ಕನಾಯಕನಹಳ್ಳಿಯ ಜೊತೆ ತುಮಕೂರಿನಲ್ಲೇ ಉಳಿಯಿತು. ಯಾರೋ ಬೇಕೆಂದು ಒಂದು ತಾಲ್ಲೂಕಿಗೆ ಇಬ್ಬರು ಎಂಪಿಗಳನ್ನು ಕೊಟ್ಟಿದ್ದಲ್ಲ. ಎರಡು ಭಾಗಾಕಾರಗಳ ಶೇಷ ಒಂದೇ ಹೋಬಳಿಯ ಗಡಿಯ ಮೇಲೆ ಬಿತ್ತು.

ಇದರಿಂದ ಏನಾಯಿತು ಮಹಾ ಅಂತ ಕೇಳಿದರೆ, ಹೇಮಾವತಿ ನೋಡಿ. ನಾಲೆಯಿಂದ ಕುಣಿಗಲ್ಲಿಗೆ ನೇರವಾಗಿ ನೀರು ಒಯ್ಯುವ ಲಿಂಕ್ ಕೆನಾಲ್ ವಿರುದ್ಧ 2024, 2025ರಲ್ಲಿ ತುಮಕೂರು ಜಿಲ್ಲೆಯಲ್ಲಿ ದೊಡ್ಡ ಹೋರಾಟವೇ ಆಯಿತು. ಕುಣಿಗಲ್ ನಮ್ಮದೇ ಜಿಲ್ಲೆಯ ತಾಲ್ಲೂಕು, ಹೇಮಾವತಿಯಲ್ಲಿ ಅದಕ್ಕೂ ಪಾಲಿದೆ. ಆದರೂ ನೀರು ಮಾಗಡಿ, ರಾಮನಗರದ ಕಡೆಗೆ ಹೋಗಿಬಿಡುತ್ತದೆ ಅನ್ನುವ ಅನುಮಾನ ಅಷ್ಟು ಬೇಗ ಹಬ್ಬಿತಲ್ಲ, ಅದಕ್ಕೆ ಈ ಲೋಕಸಭಾ ಗೆರೆಯೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಜಿಲ್ಲೆಯ ನಕ್ಷೆಯಲ್ಲಿ ಕುಣಿಗಲ್ ಒಳಗಿದೆ, ಎಂಪಿ ಓಟಿನ ನಕ್ಷೆಯಲ್ಲಿ ಮಾಗಡಿಯ ಪಕ್ಕದಲ್ಲಿದೆ.

ಕೊಬ್ಬರಿಯದೂ ಅದೇ ಪಾಡು. ಬೆಂಬಲ ಬೆಲೆ ಘೋಷಿಸುವುದು ಕೇಂದ್ರ, ಹಾಗಾಗಿ ಕೇಳಬೇಕಾದವರು ಎಂಪಿ. ತೆಂಗಿನ ಸೀಮೆಯಾದರೋ ತಿಪಟೂರಿನಲ್ಲಿ ತುಮಕೂರು ಕ್ಷೇತ್ರ, ಅರಸೀಕೆರೆಯಲ್ಲಿ ಹಾಸನ, ಹೊಸದುರ್ಗದಲ್ಲಿ ಚಿತ್ರದುರ್ಗ. ಹಾಗಂತ ಇದು ಬರೀ ನಷ್ಟವೇ ಅಂತ ನಾನು ಹೇಳಲಾರೆ. ಮೂವರು ಒಂದಾಗಿ ಕೇಳಿದರೆ ಒಬ್ಬರಿಗಿಂತ ಮೇಲು. ಒಂದಾಗುವುದು ಇದ್ದರೆ ತಾನೆ!

ಕೊನೆಯದಾಗಿ ಒಂದು. ಎರಡು ಗೆರೆಗಳು ಇವತ್ತು ತಾಳೆಯಾದರೂ ನಾಳೆ ಆಗಬೇಕೆಂದಿಲ್ಲ, ಯಾಕೆಂದರೆ ಅವುಗಳ ಗಡಿಯಾರವೇ ಬೇರೆ. ಕುಲದೀಪ್ ಸಿಂಗ್ ಆಯೋಗ 2004ರ ಫೆಬ್ರವರಿಯಲ್ಲಿದ್ದ ಜಿಲ್ಲೆ, ತಾಲ್ಲೂಕುಗಳನ್ನು ಹಿಡಿದು ಕೆಲಸ ಮಾಡಿತು. ಆಮೇಲೆ 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಜಿಲ್ಲೆಗಳಾದವು, ಮುಂದೆ ಯಾದಗಿರಿ, 2021ರಲ್ಲಿ ವಿಜಯನಗರ. ಇವು ಯಾವುದರಿಂದಲೂ ಕ್ಷೇತ್ರದ ಗೆರೆ ಒಂದು ಗೇಣೂ ಅಲುಗಲಿಲ್ಲ. ಹರಪನಹಳ್ಳಿಯವರನ್ನು ಕೇಳಿ. 1997ರಲ್ಲಿ ಅವರನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆ ಜಿಲ್ಲೆಗೆ ಹಾಕಿದರು, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಡಿಸಿ ಕಚೇರಿಗೆ ಹಿಡಿಯುವ ಬಸ್ಸು ಮೂರು ಸಲ ಬದಲಾಯಿತು. ಎಂಪಿ ಓಟು ಮಾತ್ರ 2024ರಲ್ಲೂ ದಾವಣಗೆರೆಗೇ ಬಿತ್ತು.