ಹೊಲಿಗೆ ಟೇಪಿನ ಮ್ಯಾಲ ಬಾದಾಮಿ ಚಾಲುಕ್ಯರು

ನಮ್ಮ ತಂಗಿ ಮಗಳು ಇಳಕಲ್ಲಿನಾಗ ನಮ್ಮನಿಯೊಳಗ ಇದ್ದು ಪಿಯುಸಿ ಓದಾಕತ್ಯಾಳ. ಮೊನ್ನೆ ಇತಿಹಾಸದ ಪರೀಕ್ಷೆಯೊಳಗ ಪಲ್ಲವರು ಬಾದಾಮಿ ಗೆದ್ದದ್ದನ್ನ ಮೊದಲು ಬರದು, ಐಹೊಳೆ ಶಾಸನ ಆಮ್ಯಾಲ ಬರದು ಮಾರ್ಕ್ಸ್ ಕಳಕೊಂಡ್ಲು. "ದೊಡ್ಡವ್ವ, ಇಸವಿ ಎಲ್ಲಾ ಒಂದ ಥರಾ ಕಾಣಸ್ತಾವು" ಅಂತ ಮುಖ ಸಣ್ಣದು ಮಾಡಿದ್ಲು.

ಆಕಿ ಚಾರ್ಟ್ ನೋಡಿದೆ. ಬಣ್ಣದ ಪೆನ್ನಿಲೆ ಚಂದ ಬರದಿದ್ಲು, ಆದ್ರ ಎಲ್ಲಾ ಇಸವಿ ನಡುವ ಒಂದ ಅಳತಿ ಜಾಗ. ಎಂಟು ವರ್ಷನೂ ಅಷ್ಟ, ನೂರು ವರ್ಷನೂ ಅಷ್ಟ! ಹಂಗಾದ್ರ ಯಾವುದು ಯಾವುದರ ಬೆನ್ನಿಗೆ ಬಂತು ಅನ್ನೋದು ಹೆಂಗ ತಿಳೀಬೇಕು?

ಹಳೇ ಕ್ಯಾಲೆಂಡರಿನ ಎರಡು ಹಾಳಿ ಅಂಟಿಸಿ, ಹೊಲಿಗೆ ಟೇಪು ತಗೊಂಡು ಕುಂತ್ವಿ. ಹತ್ತು ವರ್ಷಕ್ಕ ಒಂದು ಇಂಚು. ಮೊದಲನೇ ಗುರುತು 543. ಒಂದನೇ ಪುಲಕೇಶಿ ಬಾದಾಮಿ ಕೋಟೆ ಕಟ್ಟಿಸಿದ್ದು. ಅಲ್ಲಿನ ಬಂಡೆ ಶಾಸನದಾಗ ಶಕ 465 ಅಂತ ಐತಿ, ಅದಕ್ಕ 78 ಕೂಡಿಸಿದ್ರ 543. ಐದು, ನಾಕು, ಮೂರು: ಕೋಟೆ ಮೆಟ್ಟಲ ಒಂದೊಂದ ಇಳದಂಗ.

ಒಂಬತ್ತು ಇಂಚು ದಾಟಿದ ಕೂಡಲೇ 634. ನಮ್ಮ ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಗುಡಿ ಶಾಸನ. ಇದರಾಗ ಶಕ 556 ಐತಿ. ಇಲ್ಲೂ 78 ಕೂಡಸ್ರಿ. ಇಮ್ಮಡಿ ಪುಲಕೇಶಿ ಹರ್ಷನ್ನ ಸೋಲಿಸಿದ್ದು, ಪಲ್ಲವ ರಾಜ ಕಂಚಿ ಗೋಡೆ ಹಿಂದ ಸರದದ್ದು, ಎಲ್ಲಾ ಹೊಗಳಿ ರವಿಕೀರ್ತಿ ಬರದಾನ.

ಅಲ್ಲಿಂದ ಮುಂದಿನ ಗುರುತು ಒಂದು ಇಂಚೂ ಇಲ್ಲ: 642. ಪಲ್ಲವರ ನರಸಿಂಹವರ್ಮ ಬಾದಾಮಿಗೇ ಬಂದು ಸೇಡು ತೀರಿಸಿಕೊಂಡ. ಹುಡುಗಿ ಟೇಪು ನೋಡಿ ತಾನ ಅಂದ್ಲು: "ಮೊದಲು ಹೊಗಳಿಕಿ, ಆಮ್ಯಾಲ ಹೊಡತ." ಹೊಗಳುವಾಗ ರಾಜ ಗೆದ್ದಿದ್ದ, ಸೋತ ಮ್ಯಾಲ ಅಂಥಾ ಶಾಸನ ಯಾರು ಕೆತ್ತಸ್ತಾರ? ಆರು, ನಾಕು, ಎರಡು: ಈ ಸಲ ಎರಡೆರಡು ಮೆಟ್ಟಲ ಉರುಳಿ ಬಿದ್ದಂಗ.

ಹದಿಮೂರು ವರ್ಷದ ಮ್ಯಾಲ, 655ಕ್ಕ, ಮಗ ಒಂದನೇ ವಿಕ್ರಮಾದಿತ್ಯ ಊರು ತಿರುಗಿ ಗೆದ್ದ. ಇಲ್ಲಿಂದ ಕಡೀ ಗುರುತಿನ ತನಕ ಸುಮಾರು ಹತ್ತು ಇಂಚು ಖಾಲಿ ಕಾಣತೈತಿ, ಆದ್ರ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಎದ್ದದ್ದು ಅದರೊಳಗ. ಇಪ್ಪತ್ತೊಂದನೇ ಇಂಚಿಗೆ 753, ರಾಷ್ಟ್ರಕೂಟರ ದಂತಿದುರ್ಗ ಗೆದ್ದ. 642ರ ಪ್ರತಿ ಅಂಕಿಗೂ ಒಂದೊಂದ ಕೂಡಿಸಿದ್ರ 753, ಎರಡನೇ ಹೊಡತ.

ಒಂದು ಎಚ್ಚರ ಐತಿ. ಕಡೀ ಇಸವಿ ಕೆಲವು ಪುಸ್ತಕದಾಗ 757 ಅಂತ ಇರತೈತಿ, ಯಾಕಂದ್ರ ಕಡೀ ರಾಜ ಎರಡನೇ ಕೀರ್ತಿವರ್ಮ ಆಮ್ಯಾಲೂ ಸ್ವಲ್ಪ ವರ್ಷ ಉಳದಿದ್ದ. ಪರೀಕ್ಷೆಗೆ ತಮ್ಮ ಪಠ್ಯದಾಗ ಇದ್ದದ್ದನ್ನ ಬರೀಬೇಕು.

ನಿನ್ನೆ ರಾತ್ರಿ ರೊಟ್ಟಿ ಬಡಿಯೋ ಮುಂದ ಚಾರ್ಟ್ ಮಗುಚಿ ಇಟ್ಟು ಕೇಳಿದೆ. ಐದೂ ಇಸವಿ ಸರಿಯಾಗಿ ಹೇಳಿದ್ಲು, ಯಾವುದರ ಬೆನ್ನಿಗೆ ಯಾವುದು ಅನ್ನೋದನ್ನೂ.