ಒಟ್ಟಿನಲ್ಲಿ ಸೋತು, ಬಿಡಿಯಲ್ಲಿ ಗೆದ್ದ ಶಸ್ತ್ರಚಿಕಿತ್ಸೆ: ಸಿಂಪ್ಸನ್ ವಿರೋಧಾಭಾಸದ ಒಂದು ಚರಿತ್ರೆ

ಮೂತ್ರಪಿಂಡದ ಕಲ್ಲಿಗೆ ಯಾವ ಚಿಕಿತ್ಸೆ ಮೇಲು ಎಂಬ ಪ್ರಶ್ನೆ ಇಟ್ಟುಕೊಂಡು ಚಾರಿಗ್, ವೆಬ್, ಪೇನ್ ಮತ್ತು ವಿಕಮ್ 1986ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಒಂದು ಲೇಖನ ಪ್ರಕಟಿಸಿದರು. ಹೊಟ್ಟೆಯ ಪಕ್ಕ ಕೊಯ್ದು ಕಲ್ಲು ತೆಗೆಯುವ ಹಳೆಯ ತೆರೆದ ಶಸ್ತ್ರಚಿಕಿತ್ಸೆ ಒಂದು ಕಡೆ. ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ, ನಳಿಕೆ ತೂರಿಸಿ ಕಲ್ಲು ಹೊರತೆಗೆಯುವ ಹೊಸ ವಿಧಾನ ಇನ್ನೊಂದು ಕಡೆ. ಆಘಾತ ತರಂಗದಿಂದ ಕಲ್ಲು ಪುಡಿ ಮಾಡುವ ಮೂರನೆಯ ವಿಧಾನವೂ ಅದರಲ್ಲಿತ್ತು. ಆದರೆ ಸಂಖ್ಯಾಶಾಸ್ತ್ರದ ಪಠ್ಯಗಳಿಗೆ ಸೇರಿಕೊಂಡದ್ದು ಮೊದಲೆರಡರ ಹೋಲಿಕೆ ಮಾತ್ರ.

ತೆರೆದ ಶಸ್ತ್ರಚಿಕಿತ್ಸೆಗೆ ಒಳಗಾದ 350 ಜನರಲ್ಲಿ 273 ಮಂದಿಗೆ, ಅಂದರೆ ಶೇ. 78ರಷ್ಟು ಜನರಿಗೆ, ಗುಣವಾಯಿತು. ರಂಧ್ರ ವಿಧಾನದಲ್ಲೂ ರೋಗಿಗಳು 350, ಗುಣವಾದವರು 289: ಶೇ. 83. ಇಲ್ಲಿಗೇ ನಿಲ್ಲಿಸಿದರೆ ಹೊಸದೇ ಮೇಲು ಎಂದಾಯಿತು. ಕಲ್ಲಿನ ಗಾತ್ರ ನೋಡಿ ಬಿಡಿಸಿದಾಗ ಮಾತು ಬದಲಾಗುತ್ತದೆ. ಎರಡು ಸೆಂಟಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ತೆರೆದ ವಿಧಾನ 87ರಲ್ಲಿ 81 ಜನರಿಗೆ (ಶೇ. 93) ಫಲ ಕೊಟ್ಟರೆ, ರಂಧ್ರ ವಿಧಾನ 270ರಲ್ಲಿ 234 ಜನರಿಗೆ (ಶೇ. 87). ದೊಡ್ಡ ಕಲ್ಲುಗಳಲ್ಲಿ ತೆರೆದದ್ದು 263ಕ್ಕೆ 192 (ಶೇ. 73), ರಂಧ್ರದ್ದು 80ಕ್ಕೆ 55 (ಶೇ. 69). ಎರಡು ಗುಂಪಿನಲ್ಲೂ ಹಳೆಯದೇ ಮುಂದು. ಅಂಕಿ ಒಂದೂ ತಪ್ಪಿಲ್ಲ. ಕೂಡಿದಾಗ ಮಾತ್ರ ಫಲಿತಾಂಶ ತಿರುಗಿ ಬೀಳುತ್ತದೆ.

ಕಾರಣ ಸಿಗುವುದು ಗುಣವಾದವರ ಸಾಲಿನಲ್ಲಲ್ಲ, ರೋಗಿಗಳು ಹಂಚಿಹೋದ ಸಾಲಿನಲ್ಲಿ. ದೊಡ್ಡ ಕಲ್ಲು ಯಾರ ಕೈಗೆ ಹೋದರೂ ಕಷ್ಟದ್ದೇ. ತೆರೆದ ವಿಧಾನಕ್ಕೆ ಬಂದವರಲ್ಲಿ ನಾಲ್ಕರಲ್ಲಿ ಮೂವರು ಅಂಥ ರೋಗಿಗಳು; ರಂಧ್ರ ವಿಧಾನದಲ್ಲಿ ನಾಲ್ಕರಲ್ಲಿ ಒಬ್ಬರೂ ಇಲ್ಲ. ಹಾಗಾಗಿ ಒಟ್ಟು ಶೇಕಡಾವಾರು ಚಿಕಿತ್ಸೆಯ ಕಸುವನ್ನಷ್ಟೇ ಅಳೆಯುತ್ತಿಲ್ಲ, ಯಾರ ಪಾಲಿಗೆ ಎಷ್ಟು ಕಠಿಣ ರೋಗಿಗಳು ಬಂದರು ಎಂಬುದನ್ನೂ ಅಳೆಯುತ್ತಿದೆ. ಇದನ್ನು ಸರಿದೂಗಿಸಬಹುದು. ಒಟ್ಟು 700 ರೋಗಿಗಳಲ್ಲಿ ಸಣ್ಣ ಕಲ್ಲಿನವರು 357, ಎಂದರೆ ಶೇ. 51. ಎರಡೂ ವಿಧಾನಕ್ಕೆ ಇದೇ ಮಿಶ್ರಣದ ರೋಗಿಗಳು ಬಂದಿದ್ದರು ಎಂದು ಭಾವಿಸಿ, ಆಯಾ ಗುಂಪಿನ ಫಲವನ್ನು 51 ಮತ್ತು 49ರ ತೂಕದಲ್ಲಿ ಕೂಡಿದರೆ ತೆರೆದ ವಿಧಾನಕ್ಕೆ ಶೇ. 83, ರಂಧ್ರ ವಿಧಾನಕ್ಕೆ ಶೇ. 78 ಸಿಗುತ್ತದೆ. ಮೊದಲಿನ ಎರಡು ಸಂಖ್ಯೆಗಳೇ, ಸ್ಥಾನ ಮಾತ್ರ ಅದಲುಬದಲು!

1994ರಲ್ಲಿ ಜೂಲಿಯಸ್ ಮತ್ತು ಮುಲ್ಲೀ ಅದೇ ಪತ್ರಿಕೆಯಲ್ಲಿ ಈ ಅಂಕಿಗಳನ್ನು ಸಿಂಪ್ಸನ್ ವಿರೋಧಾಭಾಸದ ಉದಾಹರಣೆಯಾಗಿ ಮುಂದಿಟ್ಟರು. ಹೆಸರೇನೋ ಸಿಂಪ್ಸನ್ನದು, ವಿಷಯ ಅವನಿಗಿಂತ ಹಳೆಯದು. ಬೇರೆ ಬೇರೆ ಗುಂಪುಗಳನ್ನು ಬೆರೆಸಿದರೆ ಇಲ್ಲದ ಸಂಬಂಧ ಹುಟ್ಟಿಕೊಳ್ಳಬಹುದು ಎಂಬುದನ್ನು ಕಾರ್ಲ್ ಪಿಯರ್‌ಸನ್ 1899ರಲ್ಲೂ ಉಡ್ನಿ ಯೂಲ್ 1903ರಲ್ಲೂ ಬರೆದಿದ್ದರು. ಯುದ್ಧಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುಗಳ ಗೂಢಲಿಪಿ ಬಿಡಿಸುವ ಕೆಲಸದಲ್ಲಿದ್ದ ಎಡ್ವರ್ಡ್ ಸಿಂಪ್ಸನ್ 1951ರ ಲೇಖನದಲ್ಲಿ ಕೊಟ್ಟ ಉದಾಹರಣೆಯಲ್ಲಿ ಪ್ರವೃತ್ತಿ ತಿರುಗುವುದೂ ಇಲ್ಲ, ಕೂಡಿದಾಗ ಅಳಿಸಿಹೋಗುತ್ತದೆ ಅಷ್ಟೇ. ‘ಸಿಂಪ್ಸನ್ ವಿರೋಧಾಭಾಸ’ ಎಂಬ ಹೆಸರು ಚಲಾವಣೆಗೆ ಬಂದದ್ದು 1972ರ ಕಾಲಿನ್ ಬ್ಲೈತ್ ಲೇಖನದಿಂದ.

ಆದರೂ ಆ ಹೆಸರು ಅವನಿಗೆ ಸಲ್ಲತಕ್ಕದ್ದೇ ಎಂಬುದು ನನ್ನ ಅಭಿಪ್ರಾಯ. ಅವನು ಒಂದೇ ಕೋಷ್ಟಕಕ್ಕೆ ಎರಡು ಕಥೆ ಹೇಳಿದ. ಮೊದಲನೆಯದರಲ್ಲಿ ಅಂಕಿಗಳು ಚಿಕಿತ್ಸೆ ಪಡೆದ, ಪಡೆಯದ ಗಂಡಸರು ಮತ್ತು ಹೆಂಗಸರದು. ಬದುಕಿದವರೆಷ್ಟು, ಸತ್ತವರೆಷ್ಟು ಎಂಬ ಲೆಕ್ಕ. ಇಬ್ಬರಲ್ಲೂ ಚಿಕಿತ್ಸೆ ಉಪಕಾರಿ, ಕೂಡಿದರೆ ನಿರುಪಯೋಗಿ. ಇಲ್ಲಿ ಬಿಡಿ ಲೆಕ್ಕವನ್ನೇ ನಂಬಬೇಕು. ಎರಡನೆಯದರಲ್ಲಿ ಅವೇ ಅಂಕಿಗಳು ಮಗುವೊಂದು ಆಡಿ ಕೊಳೆ ಮಾಡಿದ ಇಸ್ಪೀಟು ಎಲೆಗಳದು. ಎಲೆ ಕೊಳೆಯೋ ಅಲ್ಲವೋ ಎಂದು ಬಿಡಿಸಿ ನೋಡಿದರೆ ಬಣ್ಣಕ್ಕೂ ಚಿತ್ರದ ಎಲೆಗೂ ನಂಟಿರುವಂತೆ ಕಾಣುತ್ತದೆ. ಅಲ್ಲಿ ಒಟ್ಟು ಲೆಕ್ಕವೇ ಸರಿ, ಬಿಡಿಸಿದ್ದೇ ತಪ್ಪು. ಯಾವುದನ್ನು ನಂಬಬೇಕೆಂದು ಕೋಷ್ಟಕ ಹೇಳಲಾರದು. ಅಂಕಿಗಳು ಹುಟ್ಟಿದ ಬಗೆ ಗೊತ್ತಿರಬೇಕು.

ಕಲ್ಲಿನ ವಿಷಯದಲ್ಲಿ ಅದು ಗೊತ್ತಿದೆ. ಗಾತ್ರ ಚಿಕಿತ್ಸೆಗೆ ಮೊದಲೇ ಇದ್ದದ್ದು, ಫಲಿತಾಂಶದ ಮೇಲೂ ಪರಿಣಾಮ ಬೀರುವಂಥದ್ದು. ಆದ್ದರಿಂದ ಬಿಡಿಸಿ ನೋಡುವುದೇ ಸರಿ. ಅದರ ಬದಲು, ಶಸ್ತ್ರಚಿಕಿತ್ಸೆಯಿಂದಲೇ ಉಂಟಾದ ರಕ್ತಸ್ರಾವದ ಪ್ರಮಾಣ ನೋಡಿ ರೋಗಿಗಳನ್ನು ವಿಂಗಡಿಸಿದರೆ ಚಿಕಿತ್ಸೆಯ ಪರಿಣಾಮದ ಒಂದು ಪಾಲನ್ನೇ ಕೈಯಾರೆ ಕತ್ತರಿಸಿದಂತಾಗುತ್ತದೆ.

ಪಠ್ಯಗಳು ಹೇಳದೆ ಬಿಡುವ ಸಂಗತಿಯೂ ಒಂದಿದೆ. ದೊಡ್ಡ ಕಲ್ಲುಗಳಲ್ಲಿ ಶೇ. 73 ಮತ್ತು 69ರ ನಡುವಿನ ಅಂತರ ಆಕಸ್ಮಿಕವಾಗಿಯೂ ಸುಲಭವಾಗಿ ಬರಬಲ್ಲದ್ದು. ಸಣ್ಣ ಕಲ್ಲುಗಳ ಅಂತರವೂ ರೂಢಿಯ ಶೇ. 5ರ ಮಟ್ಟವನ್ನು ಮುಟ್ಟುವುದಿಲ್ಲ. ಮೇಲಾಗಿ ಇವರು ಚೀಟಿ ಎತ್ತಿ ಹಂಚಿದ ರೋಗಿಗಳಲ್ಲ. ತೆರೆದ ವಿಧಾನದವರು 1972ರಿಂದ 1980ರವರೆಗಿನವರು, ರಂಧ್ರ ವಿಧಾನದವರು ಅದರ ನಂತರದವರು. ಗಾತ್ರದಂತೆ ಕಾಲವೂ ಎರಡು ಗುಂಪುಗಳನ್ನು ಬೇರ್ಪಡಿಸಿತ್ತು. ಅದನ್ನು ಸರಿದೂಗಿಸುವುದು ಈ ಕೋಷ್ಟಕದಿಂದ ಆಗದ ಕೆಲಸ.